ಕಂಬಿ ಗಟ್ಟಿ ಇತ್ತು, ಗೋಡೆ ಗಟ್ಟಿ ಇರಲಿಲ್ಲ: ವಯಸ್ಸಾದ ತಾಯಿಯ ಬಾತ್‌ರೂಮ್‌ನ ಒಂದು ಪ್ರಕರಣ

ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸುವುದಕ್ಕಿಂತ ಹಳೆಯದನ್ನು ಸರಿಮಾಡಿಸುವ ಕೆಲಸವೇ ನನಗೆ ಜಾಸ್ತಿ. ಈಚೆಗೆ ವಯಸ್ಸಾದವರ ಬಾತ್‌ರೂಮ್ ಬದಲಾಯಿಸಿ ಕೊಡಿ ಅಂತ ಕೇಳುವವರು ಹೆಚ್ಚಾಗಿದ್ದಾರೆ. ಅದರಲ್ಲಿ ಒಂದು ಮನೆಯ ಕೆಲಸವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಾಯಿಸಿದ್ದೇನೆ. ಅಳತೆಗಳೆಲ್ಲ ಹೇಗಿದ್ದವೋ ಹಾಗೇ ಇವೆ.

ಮನೆ ಮತ್ತು ಮನುಷ್ಯರು

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್, ನಾಲ್ಕನೇ ಮಹಡಿ. ಎಂಬತ್ತರ ಹತ್ತಿರದ ತಾಯಿ, ಅವರ ಮಗಳು, ಅಳಿಯ, ಕಾಲೇಜಿಗೆ ಹೋಗುವ ಮೊಮ್ಮಗ. ಇನ್ನೊಬ್ಬ ಮಗ ಅಮೆರಿಕದಲ್ಲಿ. ತಾಯಿಯ ಎತ್ತರ 4 ಅಡಿ 10 ಇಂಚು, ತೂಕ 50 ಕೆ.ಜಿ. ಆಸುಪಾಸು. ಬಾತ್‌ರೂಮ್‌ನಲ್ಲೇ ಬಿದ್ದು ಎಡ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನಾನು ಹೋಗುವ ಹೊತ್ತಿಗೆ ವಾಕರ್ ಬಿಟ್ಟು ಕೋಲು ಹಿಡಿದು ಓಡಾಡುತ್ತಿದ್ದರು. ತುಂಬ ತಗ್ಗಿನ ಜಾಗದಲ್ಲಿ ಕೂರಬಾರದು, ಕೂತಾಗ ಸೊಂಟ ಮಂಡಿಗಿಂತ ಕೆಳಗೆ ಹೋಗಬಾರದು ಅಂತ ಡಾಕ್ಟರ್ ಹೇಳಿದ್ದರು.

ಬಾತ್‌ರೂಮ್ 5 ಅಡಿ ಅಗಲ, 8 ಅಡಿ ಉದ್ದ. ಬಾಗಿಲು ಒಂದು ತುದಿಯಲ್ಲಿ, ಶವರ್ ಇನ್ನೊಂದು ತುದಿಯಲ್ಲಿ. ಕೊನೆಯ 3 ಅಡಿ ಜಾಗವನ್ನು ಶವರ್‌ಗೆ ಅಂತ 4 ಇಂಚಿನ ಕಟ್ಟೆ ಕಟ್ಟಿ, ಮೇಲೆ ಗಾಜು ನಿಲ್ಲಿಸಿ ಬೇರೆ ಮಾಡಿದ್ದರು. ಬಾಗಿಲಿನಿಂದ ಒಳಗೆ ಹೋದರೆ ಎಡಗಡೆ ಗೋಡೆಯ ಆಚೆ ಮೊಮ್ಮಗನ ಕೋಣೆ. ಬಲಗಡೆ ಗೋಡೆಯಲ್ಲಿ ಕಮೋಡ್, ವಾಶ್ ಬೇಸಿನ್, ಶವರ್‌ನ ಮಿಕ್ಸರ್, ಅಂದರೆ ಪೈಪ್‌ಗಳೆಲ್ಲ ಆ ಕಡೆ. ಎದುರಿನ ಗೋಡೆಯ ಹೊರಗೆ ಬರೀ ಗಾಳಿ.

ತಾಯಿ ಬಿದ್ದಿದ್ದು ಆ ಕಟ್ಟೆ ದಾಟುವಾಗ. ಸ್ನಾನ ಮುಗಿಸಿ ಹೊರಬರುವಾಗ ಕಾಲು ಸಾಕಷ್ಟು ಮೇಲೆ ಏಳಲಿಲ್ಲ, ಹೆಬ್ಬೆರಳು ಕಟ್ಟೆಗೆ ತಾಗಿತು. ಪಕ್ಕದಲ್ಲಿ ಟವಲ್ ರಾಡ್ ಇತ್ತು, ಅದನ್ನು ಹಿಡಿದರು. ಅದು ಕಿತ್ತು ಬಂತು.

ನನಗಿಂತ ಮೊದಲು ಆದದ್ದು

ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಮಗಳು ಪ್ಲಂಬರ್ ಒಬ್ಬರನ್ನು ಕರೆಸಿ ಎಡಗಡೆ ಗೋಡೆಗೆ 2 ಅಡಿ ಉದ್ದದ ಸ್ಟೀಲ್ ಗ್ರ್ಯಾಬ್ ಬಾರ್, ಅಂದರೆ ಆಸರೆಗೆ ಹಿಡಿದುಕೊಳ್ಳುವ ಕಂಬಿ, ಹಾಕಿಸಿದ್ದರು. ಬಾರ್ ಒಳ್ಳೆಯದೇ. ಒಂದೂವರೆ ಇಂಚು ದಪ್ಪ, ಗೋಡೆಗೂ ಅದಕ್ಕೂ ಮಧ್ಯೆ ಒಂದೂವರೆ ಇಂಚು ಬಿಡುವು. ಕೈ ಸುತ್ತ ಹಿಡಿಯಲು ಅಷ್ಟು ಬೇಕು. ಬಿಡುವು ತೀರಾ ಜಾಸ್ತಿ ಇದ್ದರೂ ತೊಂದರೆಯೇ, ಜಾರಿದಾಗ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ. ಮೂರನೇ ವಾರಕ್ಕೆ ಆ ಬಾರ್‌ನ ಒಂದು ತುದಿ ಅಲುಗಾಡಲು ಶುರುವಾಯಿತು. ಪ್ಲಂಬರ್ ಬಂದು ಅದೇ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿ ಮಾಡಿ ಹೋದರು. ಅದಾಗಿ ಕೆಲವೇ ದಿನಕ್ಕೆ ಬಾರ್‌ನ ಆ ತುದಿ ತಾಯಿಯ ಕೈಯಲ್ಲೇ ಹೊರಬಂತು. ಪುಣ್ಯಕ್ಕೆ ಅಮೆರಿಕದ ಸೊಸೆಯ ತಂಗಿ ಜೊತೆಗಿದ್ದರು, ಹಿಡಿದುಕೊಂಡರು.

ವಿಷಯ ತಿಳಿದ ಮಗ ಅಮೆರಿಕದಿಂದ ರಬ್ಬರ್ ಕಪ್ ಇರುವ ಬಾರ್ ಕಳಿಸಿದರು, ಗೋಡೆಗೆ ಒತ್ತಿ ಲಿವರ್ ಹಾಕಿದರೆ ಅಂಟಿಕೊಳ್ಳುತ್ತದಲ್ಲ, ಅದು. ಈ ತರಹದ್ದು ನಿಲ್ಲಬೇಕಾದರೆ ಕಪ್‌ನ ಅಡಿ ಪೂರ್ತಿ ನುಣುಪಾದ ಒಂದೇ ಟೈಲ್ ಇರಬೇಕು, ಟೈಲ್ ಸಂದು ಕಪ್‌ನ ಅಡಿ ಬಂದರೆ ಗಾಳಿ ಒಳಗೆ ಹೋಗಿ ಬಿಟ್ಟುಕೊಳ್ಳುತ್ತದೆ, ಈ ಮನೆಯ ಟೈಲ್‌ಗಳ ಮೇಲೋ ಮರಳಿನ ಹಾಗೆ ಉಬ್ಬು ಇತ್ತು. ಸರಿಯಾದ ಗೋಡೆಯಲ್ಲೂ ಅದು ಸಮತೋಲಕ್ಕೆ ಕೈ ಇಡುವ ವಸ್ತುವೇ ಹೊರತು ಮೈಭಾರ ಹಾಕುವುದಕ್ಕಲ್ಲ. ಅದರ ಪೆಟ್ಟಿಗೆ ಮೇಲೂ ಹಾಗೇ ಬರೆದಿತ್ತು.

ಕೂರುವುದಕ್ಕೆ ಅಂಗಡಿಯ ಸಾಮಾನ್ಯ ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದರು. ಸೋಪಿನ ನೀರಲ್ಲಿ ಅದು ಹಿಂದಕ್ಕೆ ಸರಿಯುತ್ತಿತ್ತು. ತಾಯಿಗೆ ಅದೂ ಇಷ್ಟವಿಲ್ಲ, ಅವರಿಗೆ ಮರದ ಮಣೆಯೇ ಬೇಕು. ಮಣೆ ಮೇಲೆ ಕೂತರೆ ಡಾಕ್ಟರ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಬಾರ್ ಯಾಕೆ ಕಿತ್ತು ಬಂತು

ನಾನು ಮೊದಲು ನೋಡಿದ್ದು ಆ ಕಿತ್ತುಬಂದ ತೂತುಗಳನ್ನು. ಸ್ಕ್ರೂ 2 ಇಂಚಿನದು, ಅದು ಕಚ್ಚಿಕೊಳ್ಳಲಿ ಅಂತ ತೂತಿಗೆ ಹಾಕುವ ಪ್ಲಗ್ 40 ಮಿಲಿಮೀಟರ್ ಉದ್ದದ್ದು. ಬಾರ್ ಜೊತೆ ಪೊಟ್ಟಣದಲ್ಲಿ ಬರುವ ಸಾಮಾನ್ಯ ಸೆಟ್. ತೂತಿನೊಳಗೆ ಒಂದು ತಂತಿ ಬಗ್ಗಿಸಿ ಬಿಟ್ಟು ಪದರಗಳನ್ನು ಅಳೆದೆ. ಟೈಲ್ ಮತ್ತು ಅದರ ಅಂಟು ಸೇರಿ 14 ಮಿ.ಮೀ. ಅದರ ಹಿಂದೆ ಪ್ಲಾಸ್ಟರ್ 16 ಮಿ.ಮೀ. ಒಟ್ಟು 30. ಅಂದರೆ 40 ಮಿ.ಮೀ. ಪ್ಲಗ್‌ನಲ್ಲಿ ಗೋಡೆಯ ಒಳಗೆ ಹೋಗಿದ್ದು ಬರೀ ಒಂದು ಸೆಂಟಿಮೀಟರ್. ಮಿಕ್ಕಿದ್ದೆಲ್ಲ ಟೈಲ್‌ನಲ್ಲಿ, ಪ್ಲಾಸ್ಟರ್‌ನಲ್ಲಿ ಕೂತಿತ್ತು. ಹೊರಗಿನಿಂದ ನೋಡಿದರೆ ಬಾರ್ ಗೋಡೆಗೆ ಹಾಕಿದ ಹಾಗೆ ಕಾಣುತ್ತದೆ. ಅದು ನಿಜಕ್ಕೂ ಗೋಡೆಯ ಮೇಕಪ್‌ಗೆ ಹಾಕಿದ್ದು.

ಹಾಗಾದರೆ ಉದ್ದದ ಪ್ಲಗ್ ಹಾಕಿದರೆ ಆಯಿತಲ್ವಾ ಅಂತ ಅಳಿಯ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಗೋಡೆ ಯಾವುದರದ್ದು ಅಂತ ಗೊತ್ತಾಗಬೇಕು. ಅದನ್ನು ಹೇಳುವುದು ಡ್ರಿಲ್‌ನಿಂದ ಬೀಳುವ ಪುಡಿ. ಹಳೆಯ ತೂತೊಂದರಲ್ಲೇ ಸಣ್ಣ ಬಿಟ್ ಹಾಕಿ, ಡ್ರಿಲ್‌ನ ಕುಟ್ಟುವ ಹ್ಯಾಮರ್ ಬಂದ್ ಮಾಡಿ, ಕೆಳಗೆ ಬಿಳಿ ಕಾಗದ ಹಿಡಿದು ನಿಧಾನಕ್ಕೆ ಕೊರೆದೆವು. ಮೊದಲು ಪ್ಲಾಸ್ಟರ್‌ನ ಬೂದು ಮರಳು ಬಿತ್ತು. ಆಮೇಲೆ ಬಿಟ್ ತಟ್ಟನೆ ಮುಂದೆ ಹೋಯಿತು, ಕೈಗೆ ತಡೆಯೇ ಇಲ್ಲ, ಕಾಗದದ ಮೇಲೆ ಮೈದಾ ಹಿಟ್ಟಿನಂಥ ನುಣ್ಣನೆಯ ತಿಳಿಬೂದು ಪುಡಿ. ಅದು ಎಎಸಿ ಬ್ಲಾಕ್. ಹಗುರ ಬ್ಲಾಕ್ ಅಂತಲೂ ಕರೆಯುತ್ತಾರೆ, ಒಳಗೆಲ್ಲ ಗಾಳಿಗುಳ್ಳೆ. ಇಟ್ಟಿಗೆ ಆಗಿದ್ದರೆ ಕೆಂಪು ಪುಡಿ ಬರುತ್ತಿತ್ತು. ಸಾಲಿಡ್ ಕಾಂಕ್ರೀಟ್ ಬ್ಲಾಕ್ ಆಗಿದ್ದರೆ ಬೂದು ಪುಡಿ ಬರುತ್ತಾ ಬಿಟ್‌ಗೆ ಒಂದೇ ಸಮ ತಡೆ ಸಿಗುತ್ತಿತ್ತು. ಹಾಲೋ ಬ್ಲಾಕ್ ಆದರೆ ಒಂದು ಇಂಚಿನಷ್ಟು ಗಟ್ಟಿ ಸಿಕ್ಕಿ ಆಮೇಲೆ ಬಿಟ್ ಖಾಲಿ ಜಾಗಕ್ಕೆ ಧುಮುಕುತ್ತದೆ. ಬಾತ್‌ರೂಮ್ ಕೆಲಸಕ್ಕೆ ಕೈ ಹಾಕುವ ಯಾರೇ ಆಗಲಿ ಈ ಒಂದು ಪರೀಕ್ಷೆ ಮಾಡದೆ ಬಾರ್ ಕೊಳ್ಳಬಾರದು ಅನ್ನುವುದು ನನ್ನ ಹಟ.

ಈ ಎಡಗಡೆ ಗೋಡೆ 4 ಇಂಚಿನ ಎಎಸಿ. ಅದರಲ್ಲಿ ಉದ್ದದ ಪ್ಲಗ್ ಹಾಕಿದರೆ ಟವಲ್ ರಾಡ್, ಕನ್ನಡಿ ನಿಲ್ಲುತ್ತದೆ. ಮನುಷ್ಯ ಜಾರಿ ಬೀಳುವಾಗಿನ ಎಳೆತ ಬೇರೆ. ಆಗ ಬಾರ್ ಕೆಳಕ್ಕೆ ಮಾತ್ರ ಜಗ್ಗುವುದಿಲ್ಲ, ಗೋಡೆಯಿಂದ ಹೊರಕ್ಕೂ ಜಗ್ಗುತ್ತದೆ, ಅದೂ ಒಂದೇ ಏಟಿಗೆ, ಬಹುಪಾಲು ಒಂದೇ ತುದಿಯ ಮೇಲೆ. ಅಂಗವಿಕಲರ ಅನುಕೂಲಕ್ಕೆ ಅಂತ ಇರುವ ಅಮೆರಿಕದ ಎಡಿಎ ಮಾನದಂಡದಲ್ಲಿ ಗ್ರ್ಯಾಬ್ ಬಾರ್ 250 ಪೌಂಡ್ ತಡೆಯಬೇಕು ಅಂತಿದೆ, ಸುಮಾರು 113 ಕೆ.ಜಿ. ತಾಯಿ 50 ಕೆ.ಜಿ. ಇದ್ದರೂ ನಾನು ಆ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ. ಬೀಳುವ 50 ಕೆ.ಜಿ. ನಿಂತಿರುವ 50 ಕೆ.ಜಿ.ಗಿಂತ ಎಷ್ಟೋ ಹೆಚ್ಚು ಜಗ್ಗುತ್ತದೆ.

ಎಲ್ಲಿ ಹಾಕಬೇಕು ಅನ್ನುವುದನ್ನು ತಾಯಿಯೇ ತೋರಿಸಿದರು

ಮನೆಯವರ ಪಟ್ಟಿ ಉದ್ದ ಇತ್ತು. ಮೂರೂ ಗೋಡೆಗೆ ಸುತ್ತಲೂ ಬಾರ್ ಹಾಕಿಬಿಡಿ ಅಂದರು. ನಾನು ಅದಕ್ಕೆ ಒಪ್ಪಲಿಲ್ಲ. "ಅಮ್ಮಾ, ದಿನಾ ಹೇಗೆ ಹೋಗಿ ಬರ್ತೀರಿ, ಬಟ್ಟೆ ಹಾಕ್ಕೊಂಡೇ ಒಂದ್ಸಲ ತೋರಿಸಿ" ಅಂದೆ. ಒಣ ನೆಲದ ಮೇಲೆ, ಮಗಳು ಪಕ್ಕದಲ್ಲಿ ನಿಂತು, ಅವರು ನಡೆದು ತೋರಿಸಿದರು. ನಾನು ಚಾಕ್‌ಪೀಸ್ ಹಿಡಿದು ಹಿಂದೆ ಹೋದೆ, ಅವರ ಕೈ ಗೋಡೆಗೆ ತಾಗಿದ ಕಡೆಯೆಲ್ಲ ಗುರುತು ಹಾಕಿದೆ.

ಬಾಗಿಲ ಹತ್ತಿರ ಚಾಕ್‌ಪೀಸ್ ಬೇಕೇ ಆಗಲಿಲ್ಲ. ಬಲಗಡೆ ಚೌಕಟ್ಟಿನ ಅಂಚಿನಲ್ಲಿ, ಸುಮಾರು 3 ಅಡಿ ಎತ್ತರದಲ್ಲಿ, ಬಣ್ಣ ಸವೆದು ಎಣ್ಣೆ ಜಿಡ್ಡಿನ ಕಪ್ಪು ಮಚ್ಚೆ ಆಗಿತ್ತು. ತಿಂಗಳುಗಟ್ಟಲೆ ಅಲ್ಲೇ ಕೈ ಇಟ್ಟಿದ್ದಾರೆ. ಮುಂದೆ ಹೋಗುವಾಗ ವಾಶ್ ಬೇಸಿನ್‌ನ ಅಂಚು ಹಿಡಿದರು. ಅದು ಎರಡು ಬ್ರಾಕೆಟ್ ಮೇಲೆ ಕೂತ ಪಿಂಗಾಣಿ, ಮೈಭಾರಕ್ಕೆ ಇಟ್ಟಿದ್ದಲ್ಲ. ಕಟ್ಟೆ ದಾಟುವಾಗ ಎಡಗೈ ಗೋಡೆಯ ಮೇಲೆ ಅಂಗೈ ಅಗಲಿಸಿ ಒತ್ತಿದರು, ಭುಜಕ್ಕಿಂತ ಸ್ವಲ್ಪ ಕೆಳಗೆ. ಕೊನೆಗೆ ಎದುರಿನ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತರು. ಹಾಗೆ ಕೂತಾಗ ಮೊಮ್ಮಗನ ಕೋಣೆಯ ಗೋಡೆ ಅವರ ಬಲಗಡೆ ಬರುತ್ತದೆ. ಏಳುವಾಗ ಬಲಗೈ ಆ ಗೋಡೆಯಲ್ಲಿ ಏನನ್ನೋ ಹುಡುಕುತ್ತಿತ್ತು.

ಮೊದಲ ಬಾರ್ ಹಾಕಿದ್ದು 42 ಇಂಚು ಎತ್ತರದಲ್ಲಿ. ಹಾಕಿದವರು ತಮ್ಮ ಎತ್ತರಕ್ಕೆ ನೋಡಿ ಹಾಕಿದ್ದಾರೆ. ಎಡಿಎಯಲ್ಲಿ ಅಡ್ಡ ಬಾರ್ 33ರಿಂದ 36 ಇಂಚು. ಈ ತಾಯಿಗೆ ಕೂತು ಕೈ ಚಾಚಿದಾಗ, ಮೊಣಕೈ ಸ್ವಲ್ಪ ಮಡಿಚಿರುವ ಹಾಗೆ, ಗುರುತು ಬಂದಿದ್ದು 31 ಇಂಚಿಗೆ. ನಾವು 31 ಅಂತಲೇ ತೀರ್ಮಾನ ಮಾಡಿದೆವು. ಮಾನದಂಡ ಇರುವುದು ಯಾರು ಬರುತ್ತಾರೋ ಗೊತ್ತಿಲ್ಲದ ಜಾಗಕ್ಕೆ. ಇಲ್ಲಿ ಯಾರು ಬರುತ್ತಾರೆ ಅಂತ ಗೊತ್ತಿತ್ತು.

ಹೀಗೆ ಉಳಿದಿದ್ದು ಮೂರೇ ಬಾರ್. ಬಾಗಿಲ ಪಕ್ಕ ಬಲಗಡೆ ಒಂದು ನೆಟ್ಟನೆಯದು. ಶವರ್ ಜಾಗ ಶುರುವಾಗುವಲ್ಲಿ ಎಡ ಗೋಡೆಗೆ ಇನ್ನೊಂದು ನೆಟ್ಟನೆಯದು. ಅದೇ ಗೋಡೆಯಲ್ಲಿ ಸೀಟಿನ ಪಕ್ಕಕ್ಕೆ ಒಂದು ಅಡ್ಡದ್ದು. ಕಮೋಡ್‌ಗೆ ನೆಲಕ್ಕೆ ನಿಲ್ಲುವ ಕೈಚೌಕಟ್ಟು ಸಾಕಾಯಿತು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಗೋಡೆಗೆ ಹಿಂದಿನಿಂದ ಬೆಂಬಲ

ಎಎಸಿ ಗೋಡೆಗೆ ಮೂರು ದಾರಿ ಇದ್ದವು. ಒಂದು, ಟೈಲ್ ಒಡೆದು ಆ ಎತ್ತರದ ಬ್ಲಾಕ್‌ಗಳನ್ನು ತೆಗೆದು ಸಾಲಿಡ್ ಕಾಂಕ್ರೀಟ್ ಬ್ಲಾಕ್ ಕೂರಿಸುವುದು. ಒಳ್ಳೆಯ ಕೆಲಸವೇ, ಆದರೆ 4 ಇಂಚಿನ ಗೋಡೆಯಲ್ಲಿ ಮಧ್ಯದಿಂದ ಬ್ಲಾಕ್ ಕೀಳಲು ಹೋದರೆ ಮೇಲಿನದೂ ಸಡಿಲ ಆಗುತ್ತದೆ, ಹಿಂದಿನ ಕೋಣೆಯ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಎರಡು, ಕೆಮಿಕಲ್ ಆಂಕರ್, ಅಂದರೆ ತೂತಿಗೆ ರಾಳ ತುಂಬಿ ಸರಳು ಕೂರಿಸುವುದು. 8 ಇಂಚಿನ ಗೋಡೆ ಆಗಿದ್ದರೆ ಅದನ್ನು ಯೋಚಿಸುತ್ತಿದ್ದೆ. 4 ಇಂಚಿನಲ್ಲಿ ಆಳ ಸಿಗುವುದಿಲ್ಲ. ಮೂರನೆಯದು, ಗೋಡೆಯನ್ನು ನಂಬುವುದನ್ನೇ ಬಿಟ್ಟು ಆರಪಾರ ಬೋಲ್ಟ್ ಹಾಕಿ ಆಚೆ ಕಡೆ ಕಬ್ಬಿಣದ ಪಟ್ಟಿ ಕೊಡುವುದು. ಬಾರ್ ಹೊರಕ್ಕೆ ಜಗ್ಗಿದರೆ ಆ ಪಟ್ಟಿ ಇಡೀ ಗೋಡೆಯನ್ನು ಎಳೆಯಬೇಕಾಗುತ್ತದೆ. ಬ್ಲಾಕ್ ಎಷ್ಟೇ ಮೆತ್ತಗಿದ್ದರೂ ಒಂದು ಚುಕ್ಕೆಯಲ್ಲಿ ಒತ್ತಡ ಬೀಳುವುದಿಲ್ಲ.

ಇದಕ್ಕೆ ಗೋಡೆಯ ಆಚೆ ಕಡೆ ನಮ್ಮದೇ ಮನೆ ಇರಬೇಕು. ಇಲ್ಲಿತ್ತು. ಮೊಮ್ಮಗನ ವಾರ್ಡ್‌ರೋಬ್ ಸರಿಯಾಗಿ ಆ ಗೋಡೆಗೇ ಒರಗಿತ್ತು. ಅವನ ಬಟ್ಟೆ ತೆಗೆಸಿ, ಹಿಂದಿನ ತೆಳು ಪ್ಲೈವುಡ್‌ನಲ್ಲಿ ಕಿಟಕಿ ಕತ್ತರಿಸಿದೆವು. ಮೊಮ್ಮಗನಿಗೆ ಸ್ವಲ್ಪ ಸಿಟ್ಟು ಬಂತು, ಇರಲಿ.

ಬಳಸಿದ್ದು 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಥ್ರೆಡ್ ಸರಳು, ಬಾರ್‌ನ ಪ್ರತಿ ತುದಿಗೂ ಮೂರು. ಗೋಡೆಯ ಒಟ್ಟು ದಪ್ಪ, ಈ ಕಡೆ ಟೈಲ್‌ನಿಂದ ಆ ಕಡೆ ಪ್ಲಾಸ್ಟರ್‌ವರೆಗೆ, 142 ಮಿ.ಮೀ. ಬಂತು. ಆಚೆ ಕಡೆ 4 ಇಂಚು ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ. ಬಾರ್‌ನ ಎರಡೂ ತುದಿ ಒಂದೇ ಪಟ್ಟಿಯ ಮೇಲೆ ಬರುವಷ್ಟು ಉದ್ದ ಕತ್ತರಿಸಿ, ರೆಡ್ ಆಕ್ಸೈಡ್ ಬಳಿದು ಹಾಕಿದೆವು. ಟೈಲ್ ಕೊರೆಯಲು ಡೈಮಂಡ್ ಬಿಟ್, ನೀರು ಹನಿಸುತ್ತಾ, ಹ್ಯಾಮರ್ ಇಲ್ಲದೆ. ಟೈಲ್ ದಾಟಿದ ಮೇಲೆ ಸಾಮಾನ್ಯ ಬಿಟ್, ಆಗಲೂ ಹ್ಯಾಮರ್ ಬಂದ್. ಎಎಸಿಯಲ್ಲಿ ಹ್ಯಾಮರ್ ಹಾಕಿದರೆ ಆಚೆ ಕಡೆ ಪ್ಲಾಸ್ಟರ್ ಚಕ್ಕೆಯಾಗಿ ಹಾರುತ್ತದೆ, ತೂತು ಅಗಲ ಆಗುತ್ತದೆ.

ಬಿಗಿ ಮಾಡುವಾಗ ಮೇಸ್ತ್ರಿಗೆ ಕೈ ತಡೆಯಲಿಲ್ಲ, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ತಿರುಗಿಸುತ್ತಿದ್ದರು. ನಿಲ್ಲಿಸಿದೆ. ಮೆತ್ತನೆ ಬ್ಲಾಕ್‌ನಲ್ಲಿ ಅತಿಯಾಗಿ ಬಿಗಿ ಮಾಡಿದರೆ ಟೈಲ್ ಒಡೆಯುತ್ತದೆ, ಇಲ್ಲವೇ ಒಳಗೆ ಬ್ಲಾಕ್ ಪುಡಿಯಾಗಿ ಆಮೇಲೆ ಸಡಿಲ ಆಗುತ್ತದೆ. ಪಟ್ಟಿ ಗೋಡೆಗೆ ಗಟ್ಟಿಯಾಗಿ ಕೂತ ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅಷ್ಟೇ. ನಟ್‌ಗಳು ತಾವಾಗಿ ಬಿಚ್ಚಿಕೊಳ್ಳದ ನೈಲಾಕ್ ಜಾತಿಯವು. ಬಾತ್‌ರೂಮ್ ಕಡೆ ಪ್ರತಿ ತೂತಿಗೂ ಸಿಲಿಕೋನ್ ತುಂಬಿ ಆಮೇಲೆ ಸರಳು ತೂರಿಸಿದೆವು. ಎಎಸಿ ನೀರು ಕುಡಿಯುತ್ತದೆ. ತೂತಿನಿಂದ ದಿನಾ ಒಂದಿಷ್ಟು ಒಳಗೆ ಹೋದರೂ ಸಾಕು, ವಾರ್ಡ್‌ರೋಬ್ ಒಳಗೆ ಬೂಷ್ಟು ಬರುತ್ತದೆ.

ಬಾಗಿಲ ಪಕ್ಕದ ಬಾರ್ ಕಥೆ ಬೇರೆ. ಅಲ್ಲಿ ಪುಡಿ ಬೂದು ಬಣ್ಣ, ಬಿಟ್ ಕೆಂಪಗೆ ಕಾಯುವಷ್ಟು ಗಟ್ಟಿ. ಕಾಂಕ್ರೀಟ್ ಕಾಲಂ. ಗಟ್ಟಿ ಸಿಕ್ಕಿತು ಅಂತ ಖುಷಿಯಾಗಿ ಮೇಸ್ತ್ರಿ ಆಂಕರ್ ಫಾಸ್ಟ್‌ನರ್ ತಂದರು, ಒಳಗೆ ಹಿಗ್ಗಿ ಕಚ್ಚಿಕೊಳ್ಳುತ್ತದಲ್ಲ, ಅದು. ಆದರೆ ನಮ್ಮ ತೂತು ಕಾಲಂನ ಅಂಚಿಗೆ ಹತ್ತಿರ ಬರುತ್ತಿತ್ತು. ಹಿಗ್ಗುವ ಆಂಕರ್ ಅಂಚಿನ ಹತ್ತಿರ ಹಾಕಿದರೆ ಕಾಂಕ್ರೀಟ್ ಅಂಚು ಸೀಳಿ ಬರಬಹುದು. ಅಲ್ಲಿ ಕೆಮಿಕಲ್ ಆಂಕರ್ ಹಾಕಿದೆವು, ಅದು ಒಳಗೆ ಒತ್ತಡ ಕೊಡುವುದಿಲ್ಲ. ಇದರಲ್ಲಿ ಎಲ್ಲರೂ ಎಡವುವುದು ತೂತು ಶುಚಿ ಮಾಡುವಲ್ಲಿ. ಪುಡಿ ಊದಬೇಕು, ಬ್ರಷ್ ತಿರುಗಿಸಬೇಕು, ಮತ್ತೆ ಊದಬೇಕು, ಪುಡಿ ಬರುವುದು ನಿಲ್ಲುವವರೆಗೆ. ಇಲ್ಲವಾದರೆ ರಾಳ ಪುಡಿಗೆ ಅಂಟುತ್ತದೆ, ಕಾಂಕ್ರೀಟ್‌ಗೆ ಅಲ್ಲ. ಸರಳು ಕೂರಿಸಿ ಮಾರನೇ ದಿನದವರೆಗೆ ಯಾರೂ ಮುಟ್ಟದ ಹಾಗೆ ಪೇಪರ್ ಅಂಟಿಸಿದೆವು.

ಕಟ್ಟೆ ತೆಗೆಯುವುದು

ಮಗಳ ಆಸೆ ಒಂದೇ ದಿನದಲ್ಲಿ ಕಟ್ಟೆ ಒಡೆದು, ಆ ಜಾಗಕ್ಕೆ ಟೈಲ್ ತುಂಡು ಹಾಕಿ ಮುಗಿಸಬೇಕು ಅಂತ. ಹಾಗೆ ಮಾಡಿದ ಮನೆಗಳನ್ನು ನೋಡಿದ್ದೇನೆ, ಆರು ತಿಂಗಳಿಗೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ. ಕಟ್ಟೆಯ ಒಂದು ಮೂಲೆ ಒಡೆದು ತೋರಿಸಿದೆ. ನೀರು ತಡೆಯುವ ಲೇಪ ಶವರ್ ಕಡೆಯಿಂದ ಬಂದು ಕಟ್ಟೆಯ ಹೊಟ್ಟೆಗೆ ಹತ್ತಿ ಅಲ್ಲೇ ನಿಂತಿತ್ತು. ಆಚೆ, ಕಮೋಡ್ ಕಡೆಯ ನೆಲಕ್ಕೆ ಲೇಪವೇ ಇರಲಿಲ್ಲ. ಕಟ್ಟೆ ಹೋದರೆ ನೀರು ಆ ಕಡೆ ಹರಿಯುತ್ತದೆ, ಸೀದಾ ಸ್ಲ್ಯಾಬ್‌ಗೆ ಇಳಿಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಇಡೀ ನೆಲ ತೆಗೆಯಲು ಒಪ್ಪಿದರು. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು.

ನೆಲದ ಟೈಲ್, ಗೋಡೆಯ ಕೆಳಗಿನ ಒಂದು ಸಾಲು ಟೈಲ್, ಹಳೆಯ ಗಾರೆ ಎಲ್ಲ ತೆಗೆದೆವು. ಮೂಲೆಗಳಿಗೆ ಫೈಬರ್ ಜಾಲರಿ ಕೊಟ್ಟು ಎರಡು ಕೋಟ್ ಲೇಪ, ಗೋಡೆಯ ಮೇಲೆ ಒಂದು ಅಡಿವರೆಗೆ. ಟೈಲ್ ಹಾಕುವ ಮೊದಲು ನೀರು ಹೊರಹೋಗುವ ಟ್ರ್ಯಾಪ್‌ಗೆ ಬಟ್ಟೆ ಬಿಗಿದು ನೀರು ನಿಲ್ಲಿಸಿದೆವು, 48 ಗಂಟೆ. ಎರಡನೇ ದಿನ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಟ್ರ್ಯಾಪ್ ಪೈಪ್‌ನ ಸುತ್ತ ಉಗುರಗಲ ತೇವ ಕಂಡಿತು. ಲೇಪ ಸರಿ ಇತ್ತು, ಪೈಪ್ ಸ್ಲ್ಯಾಬ್ ದಾಟುವ ಜಾಗದ ಸಂದು ಸೋರುತ್ತಿತ್ತು. ಅದನ್ನು ಕೆತ್ತಿ ಗ್ರೌಟ್ ತುಂಬಿ, ಮತ್ತೆ 48 ಗಂಟೆ ನೀರು ನಿಲ್ಲಿಸಿದೆವು. ಟೈಲ್ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ ಎಲ್ಲ ಒಡೆಯಬೇಕಿತ್ತು.

ಇಳಿಜಾರಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಮೊದಲು ನೀರು ಹೋಗುವ ಜಾಲಿ ಶವರ್‌ನ ಒಂದು ಮೂಲೆಯಲ್ಲಿತ್ತು. ಮೂಲೆಗೆ ನೀರು ಹರಿಯಬೇಕಾದರೆ ನೆಲ ಎರಡು ಕಡೆಯಿಂದ ಇಳಿಯಬೇಕು, ಅಂದರೆ ನೆಲ ತಿರುಚಿಕೊಳ್ಳುತ್ತದೆ. ತಿರುಚಿದ ನೆಲದ ಮೇಲೆ ನಾಲ್ಕು ಕಾಲಿನ ಸೀಟು ಇಟ್ಟರೆ ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಕೂತವರಿಗೆ ಟಕ್ ಟಕ್ ಅಂತ ಅಲುಗಾಡುತ್ತದೆ, ಸೊಂಟ ಮುರಿದುಕೊಂಡವರು ಒಮ್ಮೆ ಹಾಗೆ ಆದರೆ ಮತ್ತೆ ಆ ಸೀಟಿನ ಮೇಲೆ ಕೂರುವುದಿಲ್ಲ. ಅದಕ್ಕೆ ಎದುರಿನ ಗೋಡೆಯುದ್ದಕ್ಕೂ ಉದ್ದನೆಯ ಜಾಲಿ ಕೂರಿಸಿ ಅದನ್ನೇ ಹಳೆಯ ಟ್ರ್ಯಾಪ್‌ಗೆ ಸೇರಿಸಿದೆವು. ಈಗ ನೆಲ ಬಾಗಿಲಿನಿಂದ ಗೋಡೆಗೆ ಒಂದೇ ಕಡೆ ಇಳಿಯುತ್ತದೆ. ಶವರ್‌ನ 3 ಅಡಿಯಲ್ಲಿ 50ಕ್ಕೆ 1ರಂತೆ, ಅಂದರೆ ಅಡಿಗೆ 6 ಮಿ.ಮೀ. ಉಳಿದ 5 ಅಡಿಯಲ್ಲಿ ಅದರ ಅರ್ಧ. ಸೀಟು ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ, ಆದರೆ ನಾಲ್ಕೂ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತವೆ.

ಬಾಗಿಲ ಹೊಸ್ತಿಲ ಗ್ರಾನೈಟ್ ತೆಗೆದು, ಅಂಚು ಇಳಿಜಾರು ಮಾಡಿದ ತೆಳುವಾದದ್ದು ಹಾಕಿದೆವು. ಕೋಣೆಯ ನೆಲಕ್ಕೂ ಬಾತ್‌ರೂಮ್ ನೆಲಕ್ಕೂ ಈಗ 10 ಮಿ.ಮೀ. ವ್ಯತ್ಯಾಸ. ಪೂರ್ತಿ ಸಮ ಮಾಡಬಹುದಿತ್ತು, ನಾನು ಮಾಡಲಿಲ್ಲ. ಈ ಮನೆಯಲ್ಲಿ ಬಕೆಟ್ ಸ್ನಾನ. ಶವರ್‌ನಲ್ಲಿ ನೀರು ಒಂದೇ ಸಮ ಬರುತ್ತದೆ, ಬಕೆಟ್ ಮಗುಚಿದರೆ 18 ಲೀಟರ್ ಒಟ್ಟಿಗೆ ಬರುತ್ತದೆ. ಒಪ್ಪಿಸುವ ಮೊದಲು ಸೀಟಿನ ಜಾಗದಲ್ಲಿ ತುಂಬಿದ ಬಕೆಟ್ ಮಗುಚಿ ನೋಡಿದೆವು. ನೀರು ಹಳೆಯ ಕಟ್ಟೆಯ ಗೆರೆ ದಾಟಿ ಒಂದೂವರೆ ಅಡಿ ಬಂದು ವಾಪಸ್ ಹೋಯಿತು. ಟೈಲ್ 4 ಇಂಚಿನ ಚೌಕ, ಮ್ಯಾಟ್ ಮೇಲ್ಮೈ. ಚಿಕ್ಕ ಟೈಲ್‌ನಲ್ಲಿ ಸಂದುಗಳು ಜಾಸ್ತಿ, ಪಾದಕ್ಕೆ ಹಿಡಿತ ಸಿಗುತ್ತದೆ. ತೊಳೆಯುವುದು ಕಷ್ಟ ಅಂತ ಮಗಳು ಈಗಲೂ ಗೊಣಗುತ್ತಾರೆ, ಅದು ನಿಜವೇ.

ಸೀಟು, ಬಕೆಟ್ ಮತ್ತು ಎಣ್ಣೆ ಸ್ನಾನ

ಗೋಡೆಗೆ ಮಡಚುವ ಸೀಟು ಚೆನ್ನಾಗಿ ಕಾಣುತ್ತದೆ, ಮಗ ಫೋಟೋ ಕಳಿಸಿದ್ದರು. ಅದು ಬರಬೇಕಾದದ್ದು ಎದುರಿನ ಗೋಡೆಗೆ. ಅದೂ ಎಎಸಿ, ಆಚೆ ನಾಲ್ಕನೇ ಮಹಡಿಯ ಹೊರಮೈ, ಪಟ್ಟಿ ಕೊಡಲು ಜಾಗವಿಲ್ಲ. ಬೇಡ ಅಂದೆ. ಬೆನ್ನು, ಕೈ ಎರಡೂ ಇರುವ ಅಲ್ಯೂಮಿನಿಯಂ ಶವರ್ ಚೇರ್ ತಂದೆವು, ರಬ್ಬರ್ ಪಾದ ಅಗಲವಾಗಿರುವುದು, ಕಾಲಿನ ಎತ್ತರ ಬದಲಾಯಿಸಬಹುದಾದದ್ದು.

ಎತ್ತರ ಎಷ್ಟು ಇಡಬೇಕು ಅನ್ನುವುದರಲ್ಲಿ ಜಗ್ಗಾಟ ಆಯಿತು. ಎತ್ತರ ಜಾಸ್ತಿ ಇದ್ದಷ್ಟೂ ಏಳುವುದು ಸುಲಭ. ಆದರೆ ಈ ತಾಯಿ ಕುಳ್ಳಗೆ, 19 ಇಂಚಿಗೆ ಇಟ್ಟರೆ ಹಿಮ್ಮಡಿ ನೆಲಕ್ಕೆ ತಾಗದು. ಕಾಲು ತೂಗಾಡಿದರೆ ಮುಂದಕ್ಕೆ ಜಾರುತ್ತಾರೆ. 17 ಇಂಚಿಗೆ ಪಾದ ಪೂರ್ತಿ ಊರಿತು, ಸೊಂಟ ಮಂಡಿಗಿಂತ ಮೇಲೇ ಇತ್ತು. ಫಿಸಿಯೋಥೆರಪಿಯವರೂ ನೋಡಿ ಸರಿ ಅಂದರು.

ಸೀಟು ಎತ್ತರ ಆದ ಮೇಲೆ ಹೊಸ ತೊಂದರೆ: ಬಕೆಟ್ ನೆಲದಲ್ಲಿ ಉಳಿಯಿತು. ಚೊಂಬು ಅದ್ದಲು ಪ್ರತಿ ಸಲ ಮುಂದಕ್ಕೆ ಬಗ್ಗಬೇಕು. ಮಣೆ ಮೇಲೆ ಕೂತಾಗ ಬಕೆಟ್ ಕೈಮಟ್ಟಕ್ಕೇ ಇರುತ್ತಿತ್ತು, ಯಾರಿಗೂ ಇದು ಹೊಳೆದಿರಲಿಲ್ಲ. ಕೈ ಶವರ್ ಹಾಕಿಕೊಟ್ಟೆವು. "ಅದ್ರಲ್ಲಿ ಮೈ ನೆನ್ಯಲ್ಲ ಕಣಪ್ಪಾ, ಚೊಂಬಲ್ಲಿ ಸುರ್ಕೊಂಡ್ರೇ ಸ್ನಾನ" ಅಂದರು. ವಾದ ಮಾಡಲಿಲ್ಲ. ವೆಲ್ಡಿಂಗ್‌ನವರ ಹತ್ತಿರ ಸ್ಟೀಲ್ ಸ್ಟ್ಯಾಂಡ್ ಮಾಡಿಸಿ, ಬಕೆಟ್‌ನ ಬಾಯಿ ಅವರ ತೊಡೆಗಿಂತ ಸ್ವಲ್ಪ ಮೇಲೆ ಬರುವ ಹಾಗೆ ಎಡಗಡೆ ಇಟ್ಟೆವು, ಬಲಗೈ ಬಾರ್‌ಗೆ ಬಿಡುವಾಗಿರಲಿ ಅಂತ. ಸ್ಟ್ಯಾಂಡ್ ಮೇಲೆ ತುಂಬಿದ ಬಕೆಟ್ ಎತ್ತಿಡಬಾರದು, ಅಲ್ಲಿಟ್ಟೇ ಕೈ ಶವರ್‌ನ ಪೈಪ್‌ನಿಂದ ತುಂಬಿಸಿಕೊಳ್ಳುತ್ತಾರೆ. ಕೈ ಶವರ್‌ಗೆ ಹೀಗೆ ಒಂದು ಕೆಲಸ ಸಿಕ್ಕಿತು.

ಶನಿವಾರ ಎಣ್ಣೆ ಸ್ನಾನ ತಪ್ಪುವುದಿಲ್ಲ. ಎಣ್ಣೆ ಕೈಗೆ ನುಣುಪು ಸ್ಟೀಲ್ ಬಾರ್ ಹಿಡಿದರೆ ಜಾರುತ್ತದೆ. ಹಾಗಾಗಿ ಮೂರೂ ಬಾರ್ ಗೀರು ಕೊರೆದ ಹಿಡಿಕೆಯವು. ಅಷ್ಟಕ್ಕೂ ಒಂದು ನಿಯಮ ಮಗಳೇ ಮಾಡಿದರು: ಎಣ್ಣೆ ಹಚ್ಚುವುದು ಸೀಟಿನ ಮೇಲೆ ಕೂತ ಮೇಲೆ, ಪಾದಕ್ಕೆ ಹಚ್ಚುವಂತಿಲ್ಲ, ಏಳುವ ಮೊದಲು ಕೈ ಸೀಗೆಪುಡಿಯಲ್ಲಿ ಉಜ್ಜಿರಬೇಕು. ಸೀಗೆಪುಡಿಯೂ ಕೂದಲೂ ಸೇರಿ ಉದ್ದನೆಯ ಜಾಲಿ ಕಟ್ಟಿಕೊಳ್ಳುತ್ತದೆ, ಭಾನುವಾರ ಬೆಳಗ್ಗೆ ಎತ್ತಿ ತೊಳೆಯಬೇಕು. ತೊಳೆಯದಿದ್ದರೆ ಕಟ್ಟೆ ಇಲ್ಲದ ಬಾತ್‌ರೂಮ್‌ನಲ್ಲಿ ನೀರು ಎಲ್ಲಿಗೆ ಬರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಏನಾಯಿತು

ಒಪ್ಪಿಸುವ ದಿನ ಪ್ರತಿ ಬಾರ್‌ಗೂ ನಾನೇ ಜೋತುಬಿದ್ದು, ಕಾಲು ಗೋಡೆಗೆ ಕೊಟ್ಟು ಹಿಂದಕ್ಕೆ ಜಗ್ಗಿದೆ. ನನ್ನ ತೂಕ 80 ಕೆ.ಜಿ. ದಾಟುತ್ತದೆ. ಮೇಸ್ತ್ರಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದರು, ಕಿರ್ ಅನ್ನಬಾರದು. ಬಾರ್‌ನ ಬುಡದ ತಟ್ಟೆಯ ಸುತ್ತ ಟೈಲ್ ಮೇಲೆ ಪೆನ್ಸಿಲ್‌ನಲ್ಲಿ ತೆಳು ಗೆರೆ ಎಳೆದೆ. ಬಾರ್ ಸರಿದಿದ್ದರೆ ಆ ಗೆರೆಯೇ ಹೇಳುತ್ತದೆ. ಬುಡದಲ್ಲಿ ಬಿಳಿ ಪುಡಿ ಉದುರಿದ್ದು, ಸಿಲಿಕೋನ್ ಅಂಚಿನಲ್ಲಿ ಕೂದಲೆಳೆ ಬಿರುಕು, ತಟ್ಟೆ ಬೆರಳಿಗೆ ತಿರುಗುವುದು, ಇವು ಮೂರರಲ್ಲಿ ಯಾವುದು ಕಂಡರೂ ಆ ಬಾರ್ ಬಳಸುವುದು ನಿಲ್ಲಿಸಿ ನನಗೆ ಫೋನ್ ಮಾಡಿ ಅಂತ ಹೇಳಿ ಬಂದೆ. ಮೊದಲ ಬಾರ್ ಕಿತ್ತು ಬರುವ ಮುಂಚೆ ಈ ಮೂರೂ ಆಗಿದ್ದವು, ಪುಡಿಯನ್ನು ದಿನಾ ಗುಡಿಸುತ್ತಿದ್ದರಂತೆ.

ಒಂದೂವರೆ ತಿಂಗಳ ಮೇಲೆ ಹೋಗಿ ವಾರ್ಡ್‌ರೋಬ್ ಬಾಗಿಲು ತೆಗೆದು ನಟ್‌ಗಳನ್ನು ನೋಡಿದೆ. ಒಂದೆರಡು ತುಸು ಬಿಗಿ ಹಿಡಿದವು. ಮೆತ್ತನೆ ಗೋಡೆಯಲ್ಲಿ ಪಟ್ಟಿ ಕೂರುವಾಗ ಇಷ್ಟು ಸಹಜ. ಪೆನ್ಸಿಲ್ ಗೆರೆ ಹಾಗೇ ಇತ್ತು. ಬಳಕೆಯಲ್ಲಿ ನಾನು ಅಂದುಕೊಂಡಿದ್ದಕ್ಕೂ ನಿಜಕ್ಕೂ ವ್ಯತ್ಯಾಸ ಇತ್ತು. ಅತಿ ಹೆಚ್ಚು ಬಳಸುವುದು ಬಾಗಿಲ ಪಕ್ಕದ ನೆಟ್ಟನೆಯ ಬಾರ್, ರಾತ್ರಿ ಎದ್ದು ಬರುವಾಗಲೂ ಅದೇ. ಅಡ್ಡ ಬಾರ್ ಮೇಲೆ ಒದ್ದೆ ಸೀರೆ ನೇತಾಡುತ್ತಿತ್ತು. ಸೀರೆ ಇದ್ದರೆ ಕೈಗೆ ಬಾರ್ ಸಿಗುವುದಿಲ್ಲ, ಬಟ್ಟೆ ಸಿಗುತ್ತದೆ. ಅದೇ ದಿನ ಬಾಗಿಲ ಹಿಂದೆ ಎರಡು ಕೊಕ್ಕೆ ಹಾಕಿಸಿದೆ. ತಾಯಿ ಮಾತ್ರ ಕಾಫಿ ಕೊಡುತ್ತಾ, "ಮೊನ್ನೆ ಒಂದ್ಸಲ ಏಳೋವಾಗ ಕಾಲು ಜಾರ್ತು, ಕಂಬಿ ಹಿಡ್ಕೊಂಡು ಅಲ್ಲೇ ಕೂತ್ಕೊಂಡೆ" ಅಂದರು. ಮಗಳಿಗೆ ಅದು ಗೊತ್ತೇ ಇರಲಿಲ್ಲ.

ಈ ಕೆಲಸ ಆದ ಮೇಲೆ ಹೊಸದಾಗಿ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು ಹೇಳುತ್ತಿದ್ದೇನೆ. ಬಾತ್‌ರೂಮ್ ಗೋಡೆ ಎಎಸಿ ಅಥವಾ ಹಾಲೋ ಬ್ಲಾಕ್ ಆಗಿದ್ದರೆ ನೆಲದಿಂದ ಎರಡೂವರೆ ಅಡಿಗೂ ನಾಲ್ಕು ಅಡಿಗೂ ಮಧ್ಯದ ಸಾಲುಗಳನ್ನು ಸಾಲಿಡ್ ಕಾಂಕ್ರೀಟ್ ಬ್ಲಾಕ್‌ನಲ್ಲಿ ಕಟ್ಟಿಸಿ. ಬ್ಲಾಕ್‌ನ ಖರ್ಚಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಟೈಲ್ ಹಾಕುವ ಮೊದಲು ಟೇಪ್ ಹಿಡಿದು ಆ ಗೋಡೆಗಳ ಫೋಟೋ ತೆಗೆದಿಡಿ, ಪೈಪ್ ಎಲ್ಲಿ, ಗಟ್ಟಿ ಬ್ಲಾಕ್ ಎಲ್ಲಿ ಅಂತ ಕಾಣುವ ಹಾಗೆ. ಶವರ್‌ಗೆ ಕಟ್ಟೆ ಕಟ್ಟಿಸುವುದೇ ಆದರೆ ನೀರು ತಡೆಯುವ ಲೇಪ ಮಾತ್ರ ಇಡೀ ಬಾತ್‌ರೂಮ್‌ಗೆ ಹಾಕಿಸಿ, ಮುಂದೆ ಕಟ್ಟೆ ತೆಗೆಯುವಾಗ ನೆಲ ಪೂರ್ತಿ ಒಡೆಯುವುದು ತಪ್ಪುತ್ತದೆ.